ಟಿಕೆಟ್ ಬದಲಾಯಿಸುವ ಹಕ್ಕಿಗೆ ಎಷ್ಟು ಕೊಡಬಹುದು

ಸಣ್ಣ ವ್ಯವಹಾರ ನಡೆಸುತ್ತ ಆಗಾಗ ವಿಮಾನ ಹತ್ತುವವರಿಗೆ ಒಂದಲ್ಲ ಒಂದು ದಿನ ಕಾರ್ಪೊರೇಟ್ ದರದ ಆಹ್ವಾನ ಬಂದೇ ಬರುತ್ತದೆ. ಕಂಪನಿಯ ನೋಂದಣಿ ಸಂಖ್ಯೆಯನ್ನೂ ಕಂಪನಿಯ ಹೆಸರಿನ ಇಮೇಲ್ ವಿಳಾಸವನ್ನೂ ಕೊಟ್ಟರೆ ಸಾಕು, ಇನ್ನು ಮುಂದೆ ನಿಮಗೆ ವಿಶೇಷ ದರ ಎಂದು ವಿಮಾನ ಸಂಸ್ಥೆಯ ಪ್ರತಿನಿಧಿಯೋ ಟ್ರಾವೆಲ್ ಏಜೆಂಟರೋ ಹೇಳುತ್ತಾರೆ. ಖಾತೆ ತೆರೆದು ಮೊದಲ ಸಲ ಹುಡುಕಿದಾಗ ಅದೇ ವಿಮಾನದ ಅದೇ ದರ್ಜೆಯ ಸೀಟಿಗೆ ಸಾಮಾನ್ಯ ಗ್ರಾಹಕರಿಗೆ ತೋರುವ ರಿಟೇಲ್ ದರಕ್ಕಿಂತ ಈ ವಿಶೇಷ ದರವೇ ಹೆಚ್ಚಾಗಿರುವುದು ಕಣ್ಣಿಗೆ ಬೀಳುತ್ತದೆ. ಇಲ್ಲೇ ಹಲವರು ಇದೊಂದು ಮೋಸವೆಂದು ತೀರ್ಮಾನಿಸಿ ಆ ಖಾತೆಯನ್ನು ಮರೆತುಬಿಡುತ್ತಾರೆ. ಇನ್ನು ಕೆಲವರು ವಿಶೇಷವೆಂದ ಮೇಲೆ ಒಳ್ಳೆಯದೇ ಇರಬೇಕೆಂದು ಕಣ್ಣುಮುಚ್ಚಿ ಪ್ರತಿ ಪ್ರಯಾಣಕ್ಕೂ ಅದನ್ನೇ ಕೊಳ್ಳುತ್ತಾರೆ. ಎರಡೂ ದಾರಿಗಳಲ್ಲಿ ಹಣ ಸೋರುತ್ತದೆ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಈ ಎರಡು ದರಗಳು ಒಂದೇ ಸರಕಿನ ಎರಡು ಬೆಲೆಗಳಲ್ಲ. ರಿಟೇಲಿನ ಅಗ್ಗದ ಟಿಕೆಟಿನಲ್ಲಿ ನಾವು ಒಂದು ನಿರ್ದಿಷ್ಟ ವಿಮಾನದಲ್ಲಿ ಒಂದು ಸೀಟನ್ನು ಕೊಳ್ಳುತ್ತೇವೆ. ಕಾರ್ಪೊರೇಟ್ ಟಿಕೆಟಿನಲ್ಲಿ ಆ ಸೀಟಿನ ಜೊತೆಗೆ ಮನಸ್ಸು ಬದಲಾಯಿಸುವ ಹಕ್ಕನ್ನೂ ಕೊಳ್ಳುತ್ತೇವೆ. ಆ ಹಕ್ಕು ನಮಗೆ ಎಷ್ಟು ಬೆಲೆಬಾಳುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು, ಮತ್ತು ಲೆಕ್ಕ ಹಾಕಿಯೇ ನೋಡಬೇಕು.

ಇಂಥ ವಿಂಗಡಣೆ ಏಕೆ ಹುಟ್ಟಿತು ಎಂಬುದನ್ನು ಸ್ವಲ್ಪ ನೋಡಿದರೆ ಮುಂದಿನ ಲೆಕ್ಕ ಸುಲಭವಾಗುತ್ತದೆ. ಅಮೆರಿಕದಲ್ಲಿ 1978ರಲ್ಲಿ ವಿಮಾನ ದರಗಳ ಮೇಲಿನ ಸರ್ಕಾರಿ ನಿಯಂತ್ರಣವನ್ನು ತೆಗೆದುಹಾಕಲು ಕಾಯ್ದೆ ಬಂದಾಗ ಅತಿ ಕಡಿಮೆ ದರದ ಹೊಸ ಸಂಸ್ಥೆಗಳು ಹುಟ್ಟಿಕೊಂಡವು. ಅವುಗಳೊಡನೆ ಸೆಣಸಬೇಕು, ಆದರೆ ಹೆಚ್ಚು ಹಣ ಕೊಡಬಲ್ಲ ವ್ಯವಹಾರಸ್ಥರಿಗೂ ದರ ಇಳಿಸಿ ಕೈಸುಟ್ಟುಕೊಳ್ಳಬಾರದು ಎಂಬ ಇಕ್ಕಟ್ಟಿನಿಂದ ಪಾರಾಗಲು ಅಮೆರಿಕನ್ ಏರ್‌ಲೈನ್ಸ್ 1985ರಲ್ಲಿ ಬಹಳ ಮುಂಚಿತವಾಗಿ ಕೊಳ್ಳಬೇಕಾದ, ಕಟ್ಟುಪಾಡುಗಳಿರುವ ಅಗ್ಗದ ದರವನ್ನು ತಂದಿತು. ಪ್ರವಾಸಕ್ಕೆ ಹೋಗುವವರು ತಿಂಗಳುಗಳ ಮೊದಲೇ ದಿನ ಗೊತ್ತುಮಾಡಿಕೊಳ್ಳಬಲ್ಲರು, ವ್ಯವಹಾರಸ್ಥರಿಗೆ ಅದು ಆಗದು ಎಂಬ ಒಂದೇ ವ್ಯತ್ಯಾಸವನ್ನು ಬೇಲಿಯಾಗಿ ಬಳಸಿಕೊಂಡ ಆ ಉಪಾಯ ಇಂದಿಗೂ ನಡೆಯುತ್ತಿದೆ. ಮುಂಗಡ ಖರೀದಿ, ಬದಲಾವಣೆಗೆ ಶುಲ್ಕ, ರದ್ದುಮಾಡಿದರೆ ಮರುಪಾವತಿ ಇಲ್ಲ ಎಂಬ ಷರತ್ತುಗಳೆಲ್ಲ ಆ ಬೇಲಿಯ ಗೂಟಗಳು. ದೊಡ್ಡ ಕಂಪನಿಗಳು ತಮ್ಮ ಪ್ರಯಾಣಗಳ ಗಾತ್ರವನ್ನು ಮುಂದಿಟ್ಟುಕೊಂಡು ಚೌಕಾಶಿ ಮಾಡಿ ಈ ಬೇಲಿಯಲ್ಲಿ ತಮಗೊಂದು ಗೇಟು ಮಾಡಿಸಿಕೊಂಡವು. ಸಣ್ಣ ಉದ್ಯಮಿಗೆ ಸಿಗುವುದು ಸಾಮಾನ್ಯವಾಗಿ ಚೌಕಾಶಿಯ ದರವಲ್ಲ. ಸಣ್ಣ ಉದ್ದಿಮೆಗಳಿಗೆಂದೇ ಸಂಸ್ಥೆಯವರು ಮೊದಲೇ ಸಿದ್ಧಪಡಿಸಿಟ್ಟ, ಎಲ್ಲರಿಗೂ ಒಂದೇ ಅಳತೆಯ ಯೋಜನೆ.

ಈಗ ಲೆಕ್ಕಕ್ಕೆ ಬರೋಣ. ಯಂತ್ರಗಳನ್ನು ದುರಸ್ತಿ ಮಾಡಿಕೊಡುವ ಒಂದು ಪುಟ್ಟ ಉದ್ದಿಮೆಯನ್ನು ಊಹಿಸಿಕೊಳ್ಳಿ. ಮಾಲೀಕರು ಬೇರೆ ಊರಿನ ಕಾರ್ಖಾನೆಗಳಿಗೆ ಹೋಗಿ ಬರುತ್ತಿರುತ್ತಾರೆ. ಹೋಗುವ ದಿನ ಮೂರು ವಾರ ಮೊದಲೇ ಗೊತ್ತಿರುತ್ತದೆ. ಹಣದ ಲೆಕ್ಕವನ್ನು ಯಾವ ದೇಶದ ನಾಣ್ಯಕ್ಕೂ ಕಟ್ಟಿಹಾಕದೆ, ಮೂರು ವಾರ ಮೊದಲು ಸಿಗುವ ಅತ್ಯಂತ ಅಗ್ಗದ ರಿಟೇಲ್ ದರವನ್ನು 100 ಎಂದಿಟ್ಟುಕೊಳ್ಳೋಣ. ಅದರಲ್ಲಿ ಮೂಲ ದರ 75, ಸಂಸ್ಥೆಯೇ ವಿಧಿಸುವ ಸರ್‌ಚಾರ್ಜ್ 10, ವಿಮಾನ ನಿಲ್ದಾಣದ ಶುಲ್ಕ ಮತ್ತು ತೆರಿಗೆ 15. ಅದೇ ವಿಮಾನಕ್ಕೆ ಕಾರ್ಪೊರೇಟ್ ದರ 112. ರಿಟೇಲ್ ಟಿಕೆಟಿನ ದಿನ ಬದಲಾಯಿಸಿದರೆ 30 ಶುಲ್ಕ. ರದ್ದುಮಾಡಿದರೆ ನಿಲ್ದಾಣದ ಶುಲ್ಕ ಮತ್ತು ತೆರಿಗೆಯ 15 ಮಾತ್ರ ವಾಪಸು, ಉಳಿದ 85 ಹೋದಂತೆಯೇ. ಕಾರ್ಪೊರೇಟ್ ಟಿಕೆಟಿನಲ್ಲಿ ಬದಲಾವಣೆಗೆ ಶುಲ್ಕವಿಲ್ಲ, ರದ್ದುಮಾಡಿದರೆ 10 ಹಿಡಿದುಕೊಂಡು ಉಳಿದದ್ದನ್ನು ಮರಳಿಸುತ್ತಾರೆ. ಅಂಕಿಗಳು ನಾನು ಆರಿಸಿಕೊಂಡವು. ಷರತ್ತುಗಳ ಸ್ವರೂಪ ಮಾತ್ರ ಮಾರುಕಟ್ಟೆಯಲ್ಲಿ ಕಾಣುವಂಥದ್ದೇ.

ಹತ್ತು ಪ್ರಯಾಣಗಳಲ್ಲಿ ಒಂಬತ್ತು ಅಂದುಕೊಂಡಂತೆ ನಡೆದು ಒಂದರ ದಿನ ಮಾತ್ರ ಬದಲಾಯಿತು ಎನ್ನಿ. ರಿಟೇಲಿನಲ್ಲಿ ಒಟ್ಟು ಖರ್ಚು 1030, ಕಾರ್ಪೊರೇಟಿನಲ್ಲಿ 1120. ಬಳಸದ ಹಕ್ಕಿಗಾಗಿ 90 ಹೆಚ್ಚಾಗಿ ಕೊಟ್ಟಂತಾಯಿತು. ಮೂರು ಪ್ರಯಾಣಗಳ ದಿನ ಬದಲಾದರೂ ರಿಟೇಲಿನ ಖರ್ಚು 1090 ಮಾತ್ರ, ಅಂದರೆ ಆಗಲೂ ರಿಟೇಲೇ ಅಗ್ಗ. ಹತ್ತರಲ್ಲಿ ನಾಲ್ಕು ಬದಲಾದಾಗಷ್ಟೇ ಎರಡೂ ಸಮವಾಗುತ್ತವೆ. ನಮ್ಮ ವ್ಯವಹಾರದಲ್ಲಿ ಎಲ್ಲವೂ ಕೊನೆಯ ಗಳಿಗೆಯಲ್ಲಿ ಬದಲಾಗುತ್ತಿರುತ್ತದೆ ಎಂದು ನಾವೆಲ್ಲ ಹೇಳುತ್ತೇವೆ, ಆದರೆ ಹಳೆಯ ಟಿಕೆಟುಗಳನ್ನು ತೆಗೆದು ಎಣಿಸಿದರೆ ಹತ್ತರಲ್ಲಿ ನಾಲ್ಕರ ಮಟ್ಟ ಮುಟ್ಟುವವರು ಕಡಿಮೆ ಎಂಬುದು ನನ್ನ ಅಂದಾಜು. ಬದಲಾದ ಪ್ರಯಾಣದ ಕಿರಿಕಿರಿ ನೆನಪಿನಲ್ಲಿ ಉಳಿಯುತ್ತದೆ. ಸುಸೂತ್ರವಾಗಿ ಮುಗಿದ ಪ್ರಯಾಣ ಉಳಿಯುವುದಿಲ್ಲ.

ರದ್ದತಿಯ ಕಥೆ ಬೇರೆ. ದಿನ ಬದಲಾವಣೆ ಒಂದೂ ಇಲ್ಲದೆ, ಏಳು ಪ್ರಯಾಣಗಳಲ್ಲಿ ಒಂದು ಪೂರ್ತಿ ರದ್ದಾಯಿತು ಎನ್ನಿ. ರಿಟೇಲಿನಲ್ಲಿ ಆರು ಟಿಕೆಟಿಗೆ 600, ಕಳೆದುಕೊಂಡ ಟಿಕೆಟಿಗೆ 85, ಒಟ್ಟು 685. ಕಾರ್ಪೊರೇಟಿನಲ್ಲಿ ಆರು ಟಿಕೆಟಿಗೆ 672, ರದ್ದತಿಗೆ 10, ಒಟ್ಟು 682. ಏಳರಲ್ಲಿ ಒಂದು ರದ್ದಾದರೆ ಸಾಕು, ಕಾರ್ಪೊರೇಟ್ ದರ ತನ್ನ ಹೆಚ್ಚಿನ ಬೆಲೆಯನ್ನು ದುಡಿದುಕೊಡುತ್ತದೆ. ಹತ್ತರಲ್ಲಿ ಮೂರರ ದಿನ ಬದಲಾಗಿ ಒಂದು ರದ್ದಾಗುವ ಮಿಶ್ರ ಸ್ಥಿತಿಯಲ್ಲಿ ರಿಟೇಲಿನ ಖರ್ಚು 1075, ಕಾರ್ಪೊರೇಟಿನದು 1018. ಹಾಗಾಗಿ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ನಮ್ಮ ಪ್ರಯಾಣಗಳು ಎಷ್ಟು ಸಲ ಬದಲಾಗುತ್ತವೆ ಎಂಬುದಲ್ಲ, ಎಷ್ಟು ಸಲ ಪೂರ್ತಿ ನಿಂತೇಹೋಗುತ್ತವೆ ಎಂಬುದು. ದುರಸ್ತಿಯ ಕೆಲಸ ಮುಂದಕ್ಕೆ ಹೋಗಬಹುದು, ಆದರೆ ಕೆಟ್ಟ ಯಂತ್ರ ಕೆಟ್ಟೇ ಇರುವುದರಿಂದ ಹೋಗುವುದಂತೂ ತಪ್ಪುವುದಿಲ್ಲ. ಹೊಸ ಗ್ರಾಹಕರನ್ನು ಹುಡುಕಿಕೊಂಡು ಹೋಗುವ ಮಾರಾಟದ ಪ್ರಯಾಣ ಮಾತ್ರ ಹಿಂದಿನ ಸಂಜೆಯ ಒಂದು ಫೋನ್ ಕರೆಯಿಂದ ಇಲ್ಲವಾಗಿಬಿಡುತ್ತದೆ. ಒಂದೇ ಉದ್ದಿಮೆಯೊಳಗೆ ಮೊದಲ ಬಗೆಯ ಪ್ರಯಾಣಕ್ಕೆ ರಿಟೇಲ್, ಎರಡನೆಯದಕ್ಕೆ ಕಾರ್ಪೊರೇಟ್ ಎಂದು ವಿಂಗಡಿಸಿಕೊಳ್ಳುವುದು ಎಲ್ಲದಕ್ಕೂ ಒಂದೇ ನಿಯಮ ಮಾಡಿಕೊಳ್ಳುವುದಕ್ಕಿಂತ ಮೇಲು.

ಈ ಲೆಕ್ಕದಲ್ಲಿ ನಾನು ಬೇಕೆಂದೇ ಬದಿಗಿಟ್ಟ ಒಂದು ಅಂಶವಿದೆ, ಮತ್ತು ಜನ ಹೆಚ್ಚಾಗಿ ಎಡವುವುದು ಅಲ್ಲಿಯೇ. ಬದಲಾವಣೆ ಉಚಿತ ಎಂದರೆ ಬದಲಾವಣೆಯ ಶುಲ್ಕ ಇಲ್ಲ ಎಂದಷ್ಟೇ ಅರ್ಥ. ಹೊಸ ವಿಮಾನದ ಅಂದಿನ ದರ ಹಳೆಯದಕ್ಕಿಂತ ಹೆಚ್ಚಿದ್ದರೆ ಆ ವ್ಯತ್ಯಾಸವನ್ನು ಎರಡೂ ಬಗೆಯ ಟಿಕೆಟಿನವರು ಕೊಡಲೇಬೇಕು. ವಿಮಾನದ ಒಂದೇ ಎಕಾನಮಿ ಕ್ಯಾಬಿನ್ನಿನ ಸೀಟುಗಳನ್ನು ಸಂಸ್ಥೆಯವರು ಅಕ್ಷರಗಳಿಂದ ಗುರುತಿಸುವ ಹಲವು ಬುಕಿಂಗ್ ಕ್ಲಾಸುಗಳಾಗಿ ಹಂಚಿಟ್ಟಿರುತ್ತಾರೆ. ಅಗ್ಗದ ಅಕ್ಷರಗಳು ಮೊದಲು ಮುಚ್ಚುತ್ತ ಹೋಗುತ್ತವೆ. ನಾಳೆ ಸಂಜೆಯ ವಿಮಾನಕ್ಕೆ ಇಂದು ಬದಲಾಯಿಸಲು ಹೊರಟಾಗ ಮೇಲಿನ ಒಂದೆರಡು ಅಕ್ಷರಗಳಷ್ಟೇ ತೆರೆದಿರುತ್ತವೆ ಮತ್ತು ದರದ ವ್ಯತ್ಯಾಸ ಬದಲಾವಣೆಯ ಶುಲ್ಕಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿರಬಹುದು. ಹೀಗಾಗಿ ಕೊನೆಯ ಗಳಿಗೆಯ ಬದಲಾವಣೆಗಳೇ ಹೆಚ್ಚಿರುವವರಿಗೆ ಉಚಿತ ಬದಲಾವಣೆಯಿಂದ ಉಳಿಯುವುದು ಒಟ್ಟು ಖರ್ಚಿನ ಒಂದು ಸಣ್ಣ ತುಣುಕು ಮಾತ್ರ. ಒಂದು ವಾರ ಮೊದಲೇ ಬದಲಾಯಿಸಬಲ್ಲವರಿಗೆ ಅದರ ಬೆಲೆ ಹೆಚ್ಚು.

ಟಿಕೆಟ್ ಕೊಳ್ಳುವ ಮೊದಲು ಇದನ್ನು ಕಣ್ಣಾರೆ ನೋಡಿಕೊಳ್ಳುವುದು ಕಷ್ಟವೇನಲ್ಲ. ಬುಕಿಂಗ್ ಪುಟದಲ್ಲಿ ಫೇರ್ ರೂಲ್ಸ್ ಎಂಬ ಸಣ್ಣ ಕೊಂಡಿಯನ್ನು ಒತ್ತಿದರೆ, ಅಥವಾ ಏಜೆಂಟರನ್ನು ಕೇಳಿ ಪಡೆದರೆ, ಸಂಖ್ಯೆಗಳಿಂದ ವಿಂಗಡಿಸಿದ ದೊಡ್ಡಕ್ಷರಗಳ ಒಂದು ಒರಟು ಪಠ್ಯ ಸಿಗುತ್ತದೆ. ಸಂಸ್ಥೆಗಳು ದರಗಳನ್ನು ದಾಖಲಿಸುವ ವ್ಯವಸ್ಥೆಯಲ್ಲಿ ದಂಡಗಳ ವಿಭಾಗಕ್ಕೆ 16 ಎಂಬ ಸಂಖ್ಯೆಯಿದೆ. ಮೇಲಿನ ಉದಾಹರಣೆಯ ರಿಟೇಲ್ ಟಿಕೆಟಿನಲ್ಲಿ ಅದು ಹೆಚ್ಚುಕಡಿಮೆ ಹೀಗೆ ಕಾಣುತ್ತದೆ:

```
16. PENALTIES
  CHANGES
    BEFORE DEPARTURE
      CHARGE 30.00 FOR REISSUE.
  CANCELLATIONS
    TICKET IS NON-REFUNDABLE.
```

ಕಾರ್ಪೊರೇಟ್ ಟಿಕೆಟಿನ ಅದೇ ಜಾಗದಲ್ಲಿ `CHANGES PERMITTED` ಎಂದೋ ಶುಲ್ಕವಿಲ್ಲವೆಂದೋ ಇರಬೇಕು. ಇಲ್ಲಿ ಎರಡು ಸಾಲುಗಳನ್ನು ಹುಡುಕಿ. `BEFORE DEPARTURE` ಎಂಬ ಸಾಲಿನ ಕೆಳಗೆ ಕೊಟ್ಟ ಸೌಲಭ್ಯ ವಿಮಾನ ಹೊರಡುವ ಮೊದಲು ಮಾತ್ರ ಅನ್ವಯಿಸುತ್ತದೆ. `NO-SHOW` ಎಂಬ ಪದ ಎಲ್ಲಾದರೂ ಇದ್ದರೆ, ಹೇಳದೆ ಕೇಳದೆ ವಿಮಾನ ತಪ್ಪಿಸಿಕೊಂಡವರಿಗೆ ಬೇರೆ ದಂಡವಿದೆ ಎಂದು ತಿಳಿಯಬೇಕು. ಕಾರ್ಪೊರೇಟ್ ಟಿಕೆಟ್ ಇದೆಯಲ್ಲ ಎಂಬ ಧೈರ್ಯದಲ್ಲಿ ಸಭೆಯಲ್ಲಿ ಕುಳಿತಲ್ಲೇ ವಿಮಾನ ಹೋಗಲು ಬಿಟ್ಟು, ಆಮೇಲೆ ಬದಲಾಯಿಸಿದರಾಯಿತು ಎಂದುಕೊಳ್ಳುವವರು ಈ ಪದವನ್ನು ಓದಿರುವುದಿಲ್ಲ. ವಿಮಾನ ಹೊರಡುವ ಮೊದಲು ಸೀಟು ಬಿಟ್ಟುಕೊಡುವ ಎರಡು ನಿಮಿಷದ ಕೆಲಸ ಇಡೀ ಟಿಕೆಟನ್ನು ಉಳಿಸಬಲ್ಲದು.

ಮೂರು ವಾರ ಮೊದಲಿನ ಲೆಕ್ಕ ಇದಾದರೆ, ಎರಡು ದಿನ ಮೊದಲಿನದು ತಲೆಕೆಳಗಾಗುತ್ತದೆ. ಅಷ್ಟು ಹೊತ್ತಿಗೆ ಅಗ್ಗದ ಕ್ಲಾಸುಗಳೆಲ್ಲ ಮುಚ್ಚಿ ರಿಟೇಲ್ ದರ 220ಕ್ಕೆ ಏರಿರುತ್ತದೆ ಎನ್ನಿ. ಮೂಲ ದರ 195, ಉಳಿದ 25 ಮೊದಲಿನಂತೆಯೇ. ಎಷ್ಟೋ ಕಾರ್ಪೊರೇಟ್ ಯೋಜನೆಗಳು ಪ್ರಕಟಿತ ದರದ ಮೇಲೆ ಶೇಕಡಾವಾರು ರಿಯಾಯಿತಿಯ ರೂಪದಲ್ಲಿರುತ್ತವೆ, ಮತ್ತು ಆ ರಿಯಾಯಿತಿ ಸಾಮಾನ್ಯವಾಗಿ ಅತಿ ಅಗ್ಗದ ಕ್ಲಾಸುಗಳಿಗೆ ಅನ್ವಯಿಸುವುದಿಲ್ಲ. ಮೊದಲ ಸಲ ಹುಡುಕಿದವರಿಗೆ ವಿಶೇಷ ದರವೇ ದುಬಾರಿಯಾಗಿ ಕಾಣುವುದಕ್ಕೆ ಇದೇ ಕಾರಣ. ಅಗ್ಗದ ಕ್ಲಾಸುಗಳು ಖಾಲಿಯಾದ ಮೇಲೆ ಆ ರಿಯಾಯಿತಿ ಕೆಲಸಕ್ಕೆ ಬರುತ್ತದೆ. ಮೂಲ ದರದ ಮೇಲೆ ಶೇಕಡಾ 10 ಎಂದರೆ ಸುಮಾರು 20 ಇಳಿದು ಕಾರ್ಪೊರೇಟ್ ದರ 200ರ ಆಸುಪಾಸಿಗೆ ಬರುತ್ತದೆ, ಬದಲಾವಣೆಯ ಹಕ್ಕೂ ಜೊತೆಗೇ ಇರುತ್ತದೆ. ಇಲ್ಲಿ ಲೆಕ್ಕ ಹಾಕುವ ಅಗತ್ಯವೇ ಇಲ್ಲ. ಆದರೆ ರಿಯಾಯಿತಿ ಮೂಲ ದರದ ಮೇಲೆ ಮಾತ್ರ ಎಂಬುದನ್ನು ಮರೆಯಬಾರದು. ದೂರದ ವಿದೇಶ ಪ್ರಯಾಣದ ಕೆಲವು ಟಿಕೆಟುಗಳಲ್ಲಿ ಸರ್‌ಚಾರ್ಜ್ ಮತ್ತು ತೆರಿಗೆಗಳೇ ಅರ್ಧದಷ್ಟಿರುತ್ತವೆ. ಅಲ್ಲಿ ಪ್ರತಿನಿಧಿಗಳು ಹೇಳಿದ ಶೇಕಡಾ 10 ಕೈಗೆ ಸಿಗುವಾಗ ಶೇಕಡಾ 5 ಆಗಿರುತ್ತದೆ.

ಹೋಗುವ ದಿನ ಖಚಿತ, ಬರುವ ದಿನ ಅನಿಶ್ಚಿತ ಎಂಬ ಸ್ಥಿತಿ ದುರಸ್ತಿಯಂಥ ಕೆಲಸಗಳಲ್ಲಿ ಸಾಮಾನ್ಯ. ಯಂತ್ರ ಬಿಚ್ಚಿ ನೋಡುವವರೆಗೆ ಎರಡು ದಿನವೋ ನಾಲ್ಕು ದಿನವೋ ಹೇಳಲಾಗದು. ಹೋಗುವುದಕ್ಕೆ ಅಗ್ಗದ ರಿಟೇಲ್, ಬರುವುದಕ್ಕೆ ಕಾರ್ಪೊರೇಟ್ ಕೊಳ್ಳುವುದು ಇದಕ್ಕೆ ಸಹಜವಾಗಿ ಹೊಳೆಯುವ ಪರಿಹಾರ, ಮತ್ತು ಒಳ್ಳೆಯ ಪರಿಹಾರ ಕೂಡ. ಆದರೆ ಇವನ್ನು ಎರಡು ಬೇರೆ ಟಿಕೆಟುಗಳಾಗಿಯೇ ಕೊಳ್ಳಬೇಕು. ಎರಡೂ ದರಗಳನ್ನು ಒಂದೇ ಟಿಕೆಟಿನಲ್ಲಿ ಸೇರಿಸಿದರೆ ಹೆಚ್ಚು ಬಿಗಿಯಾದ ಷರತ್ತೇ ಇಡೀ ಟಿಕೆಟಿಗೆ ಅನ್ವಯಿಸುತ್ತದೆ ಎಂಬ ಸಾಲು ಅನೇಕ ದರಗಳ ದಂಡದ ವಿಭಾಗದಲ್ಲಿರುತ್ತದೆ. ಆಗ ಬರುವ ಪ್ರಯಾಣಕ್ಕೆ ಕೊಟ್ಟ ಹೆಚ್ಚಿನ ಹಣ ನೀರಲ್ಲಿ ಹೋಮ. ಬೇರೆ ಟಿಕೆಟುಗಳಿಗೆ ಇನ್ನೊಂದು ಲಾಭವೂ ಇದೆ. ಒಂದೇ ಟಿಕೆಟಿನಲ್ಲಿ ಹೋಗುವ ವಿಮಾನ ತಪ್ಪಿದರೆ ಬರುವ ಸೀಟನ್ನೂ ಸಂಸ್ಥೆಯವರು ರದ್ದುಮಾಡುವುದು ವಾಡಿಕೆ, ಬೇರೆಯಾಗಿದ್ದರೆ ಆ ಭಯವಿಲ್ಲ. ನಷ್ಟವೆಂದರೆ, ಹೋಗುವ ವಿಮಾನವನ್ನು ಸಂಸ್ಥೆಯೇ ರದ್ದುಮಾಡಿದಾಗ ಬರುವ ಟಿಕೆಟಿನ ಹಣವನ್ನೂ ಕೊಡಿ ಎಂದು ಕೇಳುವ ದಾರಿ ಇರುವುದಿಲ್ಲ. ಆದರೆ ಬರುವ ಟಿಕೆಟ್ ಕಾರ್ಪೊರೇಟ್ ಆಗಿದ್ದರೆ ಆ ನಷ್ಟ ನಮ್ಮ ಲೆಕ್ಕದ 10 ಮಾತ್ರ. ಕೆಲವು ದೂರದ ಮಾರ್ಗಗಳಲ್ಲಿ ಒಂದು ದಿಕ್ಕಿನ ಟಿಕೆಟಿನ ದರ ಹೋಗಿಬರುವ ದರದ ಅರ್ಧಕ್ಕಿಂತ ಬಹಳ ಹೆಚ್ಚಿರುತ್ತದೆ, ಅಲ್ಲಿ ಮಾತ್ರ ಈ ಉಪಾಯ ನಡೆಯದು.

ಕಾರ್ಪೊರೇಟ್ ಟಿಕೆಟನ್ನು ಯಾರಿಂದ ಕೊಂಡೆವು ಎಂಬುದು ದರದಷ್ಟೇ ಮುಖ್ಯ, ಆದರೆ ಈ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಸಂಸ್ಥೆಯ ಸ್ವಂತ ಪೋರ್ಟಲಿನಿಂದ ಕೊಂಡ ಟಿಕೆಟನ್ನು ರಾತ್ರಿ ಹನ್ನೊಂದಕ್ಕೂ ನಾವೇ ಬದಲಾಯಿಸಿಕೊಳ್ಳಬಹುದು. ಏಜೆಂಟರು ಕೊಟ್ಟ ಟಿಕೆಟನ್ನು ಮುಟ್ಟಲು ಸಂಸ್ಥೆಯ ಕೌಂಟರಿನವರು ಅನೇಕ ಸಲ ಒಪ್ಪುವುದಿಲ್ಲ, ಏಜೆಂಟರ ಬಳಿಗೇ ಹೋಗಿ ಎನ್ನುತ್ತಾರೆ. ಬದಲಾವಣೆಗೆ ಸಂಸ್ಥೆಯ ಶುಲ್ಕ ಸೊನ್ನೆಯಾಗಿದ್ದರೂ ಏಜೆಂಟರ ಸೇವಾ ಶುಲ್ಕ ಬೇರೆ ಇರುತ್ತದೆ, ಅವರ ಕಚೇರಿ ಸಂಜೆ ಮುಚ್ಚುತ್ತದೆ. ಸಂಜೆ ಮುಚ್ಚುವ ಹಕ್ಕಿಗೆ 112 ಕೊಡುವುದು ದುಬಾರಿ. ಏಜೆಂಟರ ಮೂಲಕವೇ ಕೊಳ್ಳುವುದಾದರೆ ಇ-ಟಿಕೆಟಿನಲ್ಲಿ ದರ ಬರೆದಿರುವ ಜಾಗವನ್ನು ನೋಡಿ. ಅಲ್ಲಿ ಮೊತ್ತದ ಬದಲು `IT` ಅಥವಾ `BT` ಎಂಬ ಅಕ್ಷರಗಳಿದ್ದರೆ ಅದು ಖಾಸಗಿ ಒಪ್ಪಂದದ ದರ, ಏಜೆಂಟರು ಸಂಸ್ಥೆಗೆ ಕೊಟ್ಟದ್ದು ಎಷ್ಟು ಎಂಬುದು ಟಿಕೆಟಿನ ಮೇಲೆ ಕಾಣುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ರದ್ದುಮಾಡಿದಾಗ ಮರುಪಾವತಿ ಬರುವುದೂ ಅವರ ಕೈಯಿಂದಲೇ. ಹಾಗಾಗಿ ರದ್ದತಿಗೆ ಎಷ್ಟು ಕಳೆದು ಎಷ್ಟು ದಿನಗಳಲ್ಲಿ ಕೊಡುತ್ತೀರಿ ಎಂಬುದನ್ನು ಕೊಳ್ಳುವ ಮೊದಲೇ ಇಮೇಲಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಪಾಯಿಂಟುಗಳ ವಿಷಯ ಚಿಕ್ಕದು. ಸಿಂಗಾಪುರ್ ಏರ್‌ಲೈನ್ಸಿನ ಹೈಫ್ಲೈಯರ್, ಕ್ವಾಂಟಾಸ್ ಬಿಸಿನೆಸ್ ರಿವಾರ್ಡ್ಸ್, ಎಮಿರೇಟ್ಸ್ ಬಿಸಿನೆಸ್ ರಿವಾರ್ಡ್ಸ್ ಮುಂತಾದ ಸಣ್ಣ ಉದ್ದಿಮೆಗಳ ಯೋಜನೆಗಳಲ್ಲಿ ಪ್ರಯಾಣಿಕರ ಸ್ವಂತ ಮೈಲುಗಳ ಜೊತೆಗೆ ಕಂಪನಿಯ ಖಾತೆಗೂ ಪಾಯಿಂಟುಗಳು ಸೇರುತ್ತವೆ. ಒಂದೇ ಸಂಸ್ಥೆಯಲ್ಲಿ ಹೇಗೂ ಹಾರುವವರು ಸೇರಿಕೊಂಡರೆ ನಷ್ಟವಿಲ್ಲ. ಪಾಯಿಂಟಿಗಾಗಿ ದುಬಾರಿ ದರ ಕೊಳ್ಳುವುದು ಮಾತ್ರ ಲೆಕ್ಕಕ್ಕೆ ಕೂಡಿಬರುವುದಿಲ್ಲ.

ಮಾಲೀಕರು ಮಾತ್ರವಲ್ಲದೆ ಒಬ್ಬಿಬ್ಬರು ನೌಕರರೂ ಪ್ರಯಾಣ ಮಾಡುವ ಉದ್ದಿಮೆಯಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಈಗ ಕೆಲವು ರಿಟೇಲ್ ಟಿಕೆಟುಗಳನ್ನು ರದ್ದುಮಾಡಿದರೂ ಹಣ ಪೂರ್ತಿ ಹೋಗುವುದಿಲ್ಲ, ಮುಂದಿನ ಪ್ರಯಾಣಕ್ಕೆ ಬಳಸಬಹುದಾದ ಕ್ರೆಡಿಟ್ ಆಗಿ ಉಳಿಯುತ್ತದೆ. ನನ್ನ ಲೆಕ್ಕದ 85ರ ನಷ್ಟ ಆಗ ಬಹಳ ಇಳಿಯುತ್ತದೆ, ಕಾರ್ಪೊರೇಟಿನ ಪರವಾದ ವಾದವೂ ಅಷ್ಟೇ ದುರ್ಬಲವಾಗುತ್ತದೆ. ಆದರೆ ಆ ಕ್ರೆಡಿಟ್ ಸಾಮಾನ್ಯವಾಗಿ ಹಣ ಕೊಟ್ಟ ಕಂಪನಿಯ ಹೆಸರಿನಲ್ಲಿರದೆ ಪ್ರಯಾಣಿಕರ ಹೆಸರಿನಲ್ಲಿರುತ್ತದೆ ಮತ್ತು ಅದಕ್ಕೊಂದು ಕೊನೆಯ ದಿನಾಂಕವಿರುತ್ತದೆ. ನೌಕರರು ಕೆಲಸ ಬಿಟ್ಟರೆ ಕಂಪನಿಯ ಹಣ ಅವರ ಹೆಸರಿನಲ್ಲೇ ಉಳಿದು, ಯಾರೂ ಬಳಸದೆ ಅವಧಿ ಮುಗಿದುಹೋಗುತ್ತದೆ. ಕೆಲವು ಕಾರ್ಪೊರೇಟ್ ಯೋಜನೆಗಳು ಪ್ರಯಾಣಿಕರ ಹೆಸರನ್ನೇ ಬದಲಾಯಿಸಲು ಬಿಡುತ್ತವೆ, ಅಂದರೆ ಒಬ್ಬರ ಬದಲು ಇನ್ನೊಬ್ಬರನ್ನು ಕಳಿಸಬಹುದು. ಖಾತೆ ತೆರೆಯಲು ಒತ್ತಾಯಿಸುವ ಪ್ರತಿನಿಧಿಗಳನ್ನು ನಾನು ರಿಯಾಯಿತಿ ಎಷ್ಟು ಎಂದು ಕೇಳುವುದಕ್ಕೆ ಮೊದಲು ಮೂರು ವಿಷಯ ಕೇಳುತ್ತೇನೆ: ಯಾವ ಕ್ಲಾಸುಗಳಿಗೆ ರಿಯಾಯಿತಿ ಅನ್ವಯಿಸುವುದಿಲ್ಲ, ಹೆಸರು ಬದಲಾಯಿಸಬಹುದೇ, ರದ್ದಾದ ಹಣ ಕಾರ್ಡಿಗೆ ಮರಳುತ್ತದೆಯೇ ಅಥವಾ ಕ್ರೆಡಿಟ್ ಆಗುತ್ತದೆಯೇ. ಮೂರಕ್ಕೂ ಬರಹದಲ್ಲಿ ಉತ್ತರ ಕೊಡಲಾಗದವರ ಖಾತೆಯನ್ನು ನಾನು ಎರಡು ದಿನದೊಳಗಿನ ತುರ್ತು ಪ್ರಯಾಣಗಳಿಗಷ್ಟೇ ಬಳಸುತ್ತೇನೆ, ಉಳಿದವುಗಳಿಗೆ ರಿಟೇಲ್ ಪುಟವನ್ನೇ ತೆರೆಯುತ್ತೇನೆ.